ಅಮ್ಮನ ನೀಲಿ ಕೈ



“ಮೇ ತಿಂಗಳ ಎರಡನೇ ಭಾನುವಾರ ತಾಯಂದಿರ ದಿನ. ಈ ಸಲ ಆರಾಧನೆ ಮುಗಿದ ಮೇಲೆ ತಾಯಂದಿರ ಬಗ್ಗೆ ನೀವೇ ನಾಲ್ಕು ಮಾತಾಡಬೇಕು. ಎಂಟೇ ನಿಮಿಷ” ಅಂತ ನಿಮಗೆ ಯಾರಾದರೂ ಹೇಳಿದರೆ ಏನು ಮಾಡುತ್ತೀರಿ? ನಾನಂತೂ ಎದೆ ಧಸಕ್ಕೆಂದರೂ “ಆಗಲಿ ಅಯ್ಯನವರೇ” ಅಂದುಬಿಟ್ಟೆ. ಮನೆಗೆ ಬಂದು ಒಲೆಯ ಮುಂದೆ ನಿಂತಾಗಲೇ ಭಯ ಶುರುವಾದದ್ದು.

ನಮ್ಮದು ಹಾಸನ ಜಿಲ್ಲೆಯ ಒಂದು ಪುಟ್ಟ ಊರು. ಸಭೆಯೂ ಪುಟ್ಟದೇ. ಭಾನುವಾರ ಬೆಳಗ್ಗೆ ಎಲ್ಲಾ ಬೆಂಚು ತುಂಬಿದರೂ ಅರುವತ್ತು ಎಪ್ಪತ್ತು ಜನ. ಎಲ್ಲರಿಗೂ ಎಲ್ಲರೂ ಗೊತ್ತು. ಅದೇ ಕಷ್ಟ! ಗೊತ್ತಿಲ್ಲದವರ ಮುಂದೆ ಏನು ಬೇಕಾದರೂ ಹೇಳಿ ಬರಬಹುದು. ಇಲ್ಲಿ ಎರಡನೇ ಸಾಲಿನಲ್ಲಿ ನಮ್ಮಮ್ಮನೇ ಕೂತಿರುತ್ತಾಳೆ.

ಆ ರಾತ್ರಿ ಹಳೇ ನೋಟುಬುಕ್ಕು ತೆಗೆದು ಬರೆಯಲು ಕೂತೆ. ತಾಯಿ ಭೂಮಿಯಂಥವಳು, ತಾಯಿ ಉರಿದು ಬೆಳಕು ಕೊಡುವ ಮೋಂಬತ್ತಿ, ತಾಯಿಯ ಪ್ರೀತಿ ಕಡಲಿಗಿಂತ ಆಳ... ಮೂರು ಪುಟ ಸರಸರ ತುಂಬಿತು. ನನಗೇ ಹೆಮ್ಮೆಯಾಯಿತು. ಪಿಯುಸಿ ಓದುತ್ತಿರುವ ಮಗಳಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿ, “ಚೆನ್ನಾಗಿದೆಯಮ್ಮ. ಆದರೆ ಇದು ಯಾರ ಅಮ್ಮ? ಅಜ್ಜಿ ಇದರಲ್ಲಿ ಎಲ್ಲೂ ಕಾಣಲಿಲ್ಲವಲ್ಲ” ಅಂದಳು.

ಕೆನ್ನೆಗೆ ಹೊಡೆದ ಹಾಗಾಯಿತು. ನಿಜ ತಾನೇ? ಭೂಮಿ, ಕಡಲು, ಮೋಂಬತ್ತಿ ಎಲ್ಲಾ ಇತ್ತು. ನಮ್ಮಮ್ಮ ಮಾತ್ರ ಇರಲಿಲ್ಲ.

ಈ ದಿನ ಹುಟ್ಟಿದ್ದು ಚರ್ಚಿನಲ್ಲೇ

ಮರುದಿನ ಅಯ್ಯನವರ ಮನೆಗೆ ಹೋಗಿ ಈ ತಾಯಂದಿರ ದಿನ ಎಲ್ಲಿಂದ ಬಂತು ಅಂತ ವಿಚಾರಿಸಿದೆ. ಅಂಗಡಿಯವರು ಸೀರೆ, ಕುಕ್ಕರು ಮಾರುವುದಕ್ಕೆ ಹುಟ್ಟಿಸಿದ ದಿನ ಅಂತ ನಾನು ತಿಳಿದಿದ್ದೆ. ಅಲ್ಲವಂತೆ.

ಅಮೆರಿಕದ ಪಶ್ಚಿಮ ವರ್ಜೀನಿಯದಲ್ಲಿ ಗ್ರಾಫ್ಟನ್ ಅಂತ ಒಂದು ಸಣ್ಣ ಊರು. ಅಲ್ಲಿಯ ಮೆಥಡಿಸ್ಟ್ ಚರ್ಚಿನಲ್ಲಿ ಆ್ಯನ್ ರೀವ್ಸ್ ಜಾರ್ವಿಸ್ ಎಂಬಾಕೆ ಇಪ್ಪತ್ತು ವರ್ಷಕ್ಕೂ ಮೇಲೆ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ್ದಳು. ಆಕೆ ಹೆತ್ತದ್ದು ಹತ್ತಕ್ಕೂ ಹೆಚ್ಚು ಮಕ್ಕಳನ್ನು. ಬೆಳೆದು ದೊಡ್ಡವರಾದದ್ದು ನಾಲ್ವರೇ. ಉಳಿದವರೆಲ್ಲ ಆ ಕಾಲದ ರೋಗರುಜಿನಗಳಿಗೆ ಹೋದರು. ಆಕೆ ಅಳುತ್ತಾ ಕೂರಲಿಲ್ಲ. ನೆರೆಹೊರೆಯ ತಾಯಂದಿರನ್ನು ಸೇರಿಸಿ ಸಂಘ ಕಟ್ಟಿದಳು. ಮಕ್ಕಳು ಕುಡಿಯುವ ಹಾಲು ಶುದ್ಧವಾಗಿದೆಯೇ ಅಂತ ನೋಡುವುದು, ಮನೆ ಸುತ್ತ ಚೊಕ್ಕಟವಾಗಿಡಲು ಕಲಿಸುವುದು, ಔಷಧಿಗೆ ಹಣ ಕೂಡಿಸುವುದು, ತಾಯಿ ಹಾಸಿಗೆ ಹಿಡಿದ ಮನೆಗೆ ಕೆಲಸಕ್ಕೆ ಒಬ್ಬಳನ್ನು ಗೊತ್ತುಮಾಡುವುದು, ಇವು ಆ ಸಂಘದ ಕೆಲಸ.

ಆಕೆ 1905ರ ಮೇ ತಿಂಗಳಲ್ಲಿ ತೀರಿಕೊಂಡಳು. ಆಕೆಯ ಮಗಳು ಆ್ಯನಾ ಜಾರ್ವಿಸ್ ಅಮ್ಮನ ನೆನಪಿಗೆ ಒಂದು ದಿನ ಬೇಕು ಅಂತ ಹಟ ಹಿಡಿದಳು. 1908ರ ಮೇ 10ರಂದು ಅದೇ ಚರ್ಚಿನಲ್ಲಿ ಮೊದಲ ಆರಾಧನೆ ನಡೆಯಿತು. ಮಗಳಿಗೆ ಅಂದು ಬರಲಾಗಲಿಲ್ಲ. ಆದರೆ ಅಮ್ಮನಿಗೆ ಇಷ್ಟವಾದ ಬಿಳಿ ಕಾರ್ನೇಷನ್ ಹೂ ಐನೂರು ಕಳಿಸಿಕೊಟ್ಟಳು. 1914ರಲ್ಲಿ ಅಲ್ಲಿಯ ಅಧ್ಯಕ್ಷ ವುಡ್ರೊ ವಿಲ್ಸನ್ ಮೇ ತಿಂಗಳ ಎರಡನೇ ಭಾನುವಾರವನ್ನು ಈ ದಿನವೆಂದು ಸಾರಿದ. ಮುಂದೆ ಹೂವಿನವರೂ ಮಿಠಾಯಿಯವರೂ ಕಾರ್ಡಿನವರೂ ದಿನವನ್ನು ವ್ಯಾಪಾರ ಮಾಡಿಕೊಂಡಾಗ ಅದನ್ನು ಹುಟ್ಟಿಸಿದ ಆ್ಯನಾಳೇ ಅವರ ಮೇಲೆ ಜಗಳಕ್ಕೆ ನಿಂತಳು. 1948ರಲ್ಲಿ ಸಾಯುವ ತನಕ ಆಕೆಗೆ ಆ ನೋವು ಹೋಗಲಿಲ್ಲ. ಇನ್ನೊಂದು ಮಾತು, ಆಕೆಗೆ ಮದುವೆಯೂ ಇಲ್ಲ, ಮಕ್ಕಳೂ ಇಲ್ಲ!

ಇದರಲ್ಲಿ ನನಗೆ ಬಹಳ ಹಿಡಿಸಿದ ಒಂದು ಸಣ್ಣ ಸಂಗತಿಯಿದೆ. ದಿನದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಅದು ‘ತಾಯಂದಿರ’ ಅಂತ ಆಗಬಾರದು, ‘ತಾಯಿಯ’ ಅಂತಲೇ ಇರಬೇಕು ಅಂತ ಆ್ಯನಾ ಪಟ್ಟು ಹಿಡಿದಳಂತೆ. ಲೋಕದ ತಾಯಂದಿರನ್ನೆಲ್ಲ ಒಟ್ಟಿಗೆ ಹೊಗಳುವ ದಿನ ಅಲ್ಲ, ಒಬ್ಬೊಬ್ಬರೂ ತಮ್ಮ ತಮ್ಮ ತಾಯಿಯನ್ನು ನೆನೆಯುವ ದಿನ ಅಂತ. ನನ್ನ ಮಗಳು ಹೇಳಿದ್ದೂ ಇದನ್ನೇ ಅಲ್ಲವೇ? ಮೂರು ಪುಟ ಹರಿದು ಒಲೆಗೆ ಹಾಕಿದೆ.

“ನಾನೇನು ತ್ಯಾಗ ಮಾಡಿದೆ, ಹೋಗೇ”

ಅಮ್ಮ ನಮ್ಮ ಮನೆಯಿಂದ ಎರಡು ಬೀದಿ ಆಚೆ ತಮ್ಮನ ಜೊತೆಗಿದ್ದಾಳೆ. ಹೋಗಿ ಪಕ್ಕದಲ್ಲಿ ಕೂತು, “ಅಮ್ಮಾ, ನಮಗೋಸ್ಕರ ನೀನು ಏನೇನು ತ್ಯಾಗ ಮಾಡಿದೆ, ಹೇಳು” ಅಂದೆ. ಅಮ್ಮ ಅವರೆಕಾಯಿ ಬಿಡಿಸುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. “ನಾನೇನು ತ್ಯಾಗ ಮಾಡಿದೆ, ಹೋಗೇ. ಎಲ್ಲರೂ ಮಾಡಿದ್ದನ್ನೇ ಮಾಡಿದೆ.” ಮುಗಿಯಿತು ಮಾತು!

ಹೀಗೆ ಕೇಳಿದರೆ ಯಾವ ತಾಯಿಯೂ ಹೇಳುವುದಿಲ್ಲ ಸೋದರಿಯರೇ. ಅವರ ಮಟ್ಟಿಗೆ ಅದಕ್ಕೆ ತ್ಯಾಗ ಅಂತ ಹೆಸರೇ ಇಲ್ಲ. ಅದು ಸೋಮವಾರದ ಕೆಲಸ, ಮಂಗಳವಾರದ ಕೆಲಸ, ಅಷ್ಟೆ. ಎರಡು ದಿನ ಬಿಟ್ಟು ಬೇರೆ ದಾರಿ ಹಿಡಿದೆ. ದೊಡ್ಡ ಮಾತು ಬಿಟ್ಟು ಒಂದು ವಸ್ತುವಿನ ಬಗ್ಗೆ ಕೇಳಿದೆ. “ಅಮ್ಮಾ, ನಾಲ್ಕನೇ ಕ್ಲಾಸಿನಲ್ಲಿ ನನಗೊಂದು ನೀಲಿ ಲಂಗ ಇತ್ತಲ್ಲ, ಸ್ಕೂಲಿಗೆ ಹಾಕುವುದು. ಅದರ ಬಟ್ಟೆ ಎಲ್ಲಿ ತಂದಿದ್ದೆ?”

ಅಮ್ಮನ ಮುಖ ಅರಳಿತು. “ಅದಾ! ನಾಲ್ಕನೇ ಕ್ಲಾಸಿಗೆ ಹೊಲಿದದ್ದಲ್ಲ ಕಣೇ, ಎರಡನೇ ಕ್ಲಾಸಿಗೇ ಹೊಲಿದದ್ದು. ಮೂರು ಟಕ್ಕು ಇಟ್ಟಿದ್ದೆ.” ಆಮೇಲೆ ಅಮ್ಮನನ್ನು ನಿಲ್ಲಿಸಲು ಆಗಲಿಲ್ಲ. ಹೊಲಿಗೆ ಗೊತ್ತಿರುವ ನಿಮಗೆ ಇದರ ಲೆಕ್ಕ ಕೂಡಲೇ ತಿಳಿಯುತ್ತದೆ. ಲಂಗದ ಅಂಚಿನ ಮೇಲೆ ಒಂದೊಂದು ಅಂಗುಲದ ಮಡಿಕೆ ಮೂರು. ಒಂದು ಮಡಿಕೆ ಬಿಚ್ಚಿದರೆ ಲಂಗ ಎರಡು ಅಂಗುಲ ಉದ್ದವಾಗುತ್ತದೆ. ಜೂನ್ ತಿಂಗಳಿಗೆ ಒಂದೊಂದು ಬಿಚ್ಚಿದರೆ ಮೂರು ವರ್ಷ ಹೊಸ ಲಂಗ ಬೇಡ. ಮಡಿಕೆಯನ್ನು ಮಿಷನ್ನಿನಲ್ಲಿ ಹಾಕದೆ ಕೈಯಲ್ಲೇ ಉದ್ದುದ್ದ ಹೊಲಿಗೆ ಹಾಕಬೇಕಂತೆ. ಇಲ್ಲದಿದ್ದರೆ ಬಿಚ್ಚಿದಾಗ ಸೂಜಿಯ ತೂತು ಸಾಲಾಗಿ ಉಳಿದುಬಿಡುತ್ತದೆ. ಸೊಂಟದ ಪಟ್ಟಿಯನ್ನೂ ಉದ್ದ ಬಿಟ್ಟು ಹುಕ್ಕು ಜರುಗಿಸುತ್ತಾ ಹೋಗಬೇಕು.

ಹೀಗೆ ಕೇಳುತ್ತಾ ಕೇಳುತ್ತಾ ನನಗೆ ಗೊತ್ತೇ ಇಲ್ಲದ ಒಂದು ವಿಷಯ ಹೊರಗೆ ಬಂತು. ಅದನ್ನು ಅಮ್ಮ ಮೂವತ್ತೈದು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ಅದು ಏನೆಂದು ನನ್ನ ಭಾಷಣದಲ್ಲೇ ಓದುವಿರಂತೆ. “ಇದನ್ನು ಸಭೆಯಲ್ಲಿ ಹೇಳಲಾ ಅಮ್ಮ?” ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, “ಹೇಳು. ಆದರೆ ಯಾರನ್ನೂ ಅಳಿಸಬೇಡ” ಅಂದಳು. ಅಪ್ಪನಿಗೆ ಸಂಬಂಧಿಸಿದ ಇನ್ನೊಂದು ಸಂಗತಿಗೆ ಮಾತ್ರ “ಅದು ಬೇಡ” ಅಂದಳು. ಬಿಟ್ಟೆ. ತಾಯಿಯನ್ನು ಗೌರವಿಸಲು ಹೋಗಿ ಅವಳು ಮುಚ್ಚಿಟ್ಟು ಕಾಪಾಡಿದ್ದನ್ನೇ ಬೀದಿಗೆ ತರಬಾರದಲ್ಲವೇ?

ಬೈಬಲ್ಲಿನಿಂದ ಯಾರು?

ಸಭೆಯಲ್ಲಿ ಮಾತಾಡುವಾಗ ವಾಕ್ಯದ ಆಧಾರ ಬೇಕು. ವರ್ಷ ವರ್ಷವೂ ನಮ್ಮಲ್ಲಿ ಜ್ಞಾನೋಕ್ತಿಗಳ ಕೊನೆಯ ಅಧ್ಯಾಯದ ಗುಣವತಿಯಾದ ಸ್ತ್ರೀಯನ್ನೇ ಓದುವುದು. ಕತ್ತಲಿರುವಾಗಲೇ ಏಳುತ್ತಾಳೆ, ನೂಲುತ್ತಾಳೆ, ಹೊಲ ಕೊಳ್ಳುತ್ತಾಳೆ... ಒಂದು ಸಲ ಅಮ್ಮ ನನ್ನ ಕಿವಿಯಲ್ಲಿ “ಅವಳಿಗೆ ದಾಸಿಯರಿದ್ದರು ಕಣೇ, ಅದನ್ನೂ ಓದಿದರಲ್ಲ” ಅಂದಿದ್ದಳು. ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡಿದ್ದೆ. ಈ ಸಲ ಅವಳನ್ನು ಬಿಟ್ಟು ಹನ್ನಳನ್ನು ಹಿಡಿದೆ. ಕಾರಣ ಒಂದೇ ಒಂದು ವಾಕ್ಯ. ಒಂದನೆಯ ಸಮುವೇಲನ ಎರಡನೇ ಅಧ್ಯಾಯದಲ್ಲಿದೆ.

ಅಯ್ಯನವರಿಗೆ ಇನ್ನೊಂದು ಬಿನ್ನಹ ಮಾಡಿಕೊಂಡೆ. ಪ್ರತಿ ವರ್ಷ “ತಾಯಂದಿರೆಲ್ಲ ಎದ್ದು ನಿಲ್ಲಿ” ಅಂತ ಹೇಳಿ ಮಕ್ಕಳ ಕೈಯಲ್ಲಿ ಹೂ ಕೊಡಿಸುತ್ತಿದ್ದರು. ನನ್ನ ದೊಡ್ಡಮ್ಮನಿಗೆ ಮಕ್ಕಳಿಲ್ಲ. ಆ ಒಂದು ಭಾನುವಾರ ಮಾತ್ರ ಅವಳಿಗೆ ತಲೆನೋವು ಬರುತ್ತಿತ್ತು! ಎಲ್ಲರೂ ಎದ್ದಾಗ ಕೂತೇ ಇರುವುದು ಎಷ್ಟು ಕಷ್ಟ ಅಂತ ನಮಗೆ ಹೊಳೆದೇ ಇರಲಿಲ್ಲ. ಆ ವರ್ಷ ಅಮ್ಮನನ್ನು ಕಳೆದುಕೊಂಡವರು, ಮಗುವನ್ನು ಮಣ್ಣು ಮಾಡಿ ಬಂದವರು, ಅವರ ಗತಿ? “ಯಾರನ್ನೂ ನಿಲ್ಲಿಸುವುದು ಬೇಡ. ಯಾರು ನಿಮಗೆ ಉಣಿಸಿ, ತಲೆ ಬಾಚಿ, ಪ್ರಾರ್ಥನೆ ಕಲಿಸಿದರೋ ಅವರಿಗೆ ಹೋಗಿ ಹೂ ಕೊಡಿ ಅಂತ ಮಕ್ಕಳಿಗೆ ಹೇಳೋಣ” ಅಂದೆ. ಅಯ್ಯನವರು ತಕ್ಷಣ ಒಪ್ಪಿದರು. ನಮ್ಮೂರಿಗೆ ಕಾರ್ನೇಷನ್ ಎಲ್ಲಿ ಬರಬೇಕು? ನಮ್ಮ ಮಲ್ಲಿಗೆಯೇ ಸಾಕು, ಅದೂ ಬಿಳಿಯೇ.

ನಾನು ಆಡಿದ ಮಾತು

ಕೈಬರಹದಲ್ಲಿ ನಾಲ್ಕು ಪುಟವಾಯಿತು. ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿದರೆ ಹನ್ನೊಂದು ನಿಮಿಷ! ಅಡ್ಡ ಗೀಟು ಹಾಕುತ್ತಾ ಎಂಟಕ್ಕೆ ಇಳಿಸಿದೆ. ಹೊಗಳಿಕೆಯ ಸಾಲುಗಳನ್ನೇ ತೆಗೆದದ್ದು, ನಡೆದ ಸಂಗತಿಯ ಒಂದು ಸಾಲೂ ತೆಗೆಯಲಿಲ್ಲ. ಅದರ ಮುಖ್ಯ ಭಾಗ ಇಲ್ಲಿದೆ:

“ಕರ್ತನಲ್ಲಿ ಪ್ರಿಯರೇ, ಹನ್ನಳ ಪ್ರಾರ್ಥನೆ ನಮಗೆಲ್ಲ ಗೊತ್ತು. ಮಕ್ಕಳಿಲ್ಲದೆ, ಸವತಿಯ ಚುಚ್ಚುಮಾತು ತಿಂದು, ಶೀಲೋವಿನ ದೇವಾಲಯದಲ್ಲಿ ತುಟಿ ಮಾತ್ರ ಅಲ್ಲಾಡಿಸುತ್ತಾ ಬೇಡಿದಳು. ಕುಡಿದು ಬಂದಿದ್ದಾಳೆ ಅಂತ ಯಾಜಕ ಏಲಿ ಗದರಿಸಿದ. ಮಗು ಹುಟ್ಟಿತು. ಮೊಲೆ ಬಿಡಿಸಿದ ಮೇಲೆ ಹರಕೆಯಂತೆ ಸಮುವೇಲನನ್ನು ಅಲ್ಲಿಗೇ ಒಪ್ಪಿಸಿಬಂದಳು. ನಾವು ಇಲ್ಲಿಗೇ ಕಥೆ ಮುಗಿಸುತ್ತೇವೆ.

“ಆದರೆ ಅದಾದ ಮೇಲೆ ಒಂದು ಸಣ್ಣ ವಾಕ್ಯವಿದೆ. ವರ್ಷಕ್ಕೊಮ್ಮೆ ಬಲಿ ಅರ್ಪಿಸಲು ಗಂಡನ ಜೊತೆ ಬರುವಾಗ ಆಕೆ ಮಗನಿಗೆ ಒಂದು ಚಿಕ್ಕ ನಿಲುವಂಗಿ ಮಾಡಿ ತರುತ್ತಿದ್ದಳು. ಅಷ್ಟೇ. ಹೊಲಿಗೆ ಬಲ್ಲ ಅಕ್ಕಂದಿರೇ, ಸ್ವಲ್ಪ ಯೋಚಿಸಿ. ಹುಡುಗ ಎದುರಿಗಿಲ್ಲ. ಅಳತೆ ತೆಗೆಯಲು ಭುಜ ಸಿಗುವುದಿಲ್ಲ. ಈ ವರ್ಷ ಎಷ್ಟು ಬೆಳೆದಿರಬಹುದು, ತೋಳು ಎಷ್ಟು ಬಿಡಬೇಕು ಅಂತ ಆಕೆ ಹೇಗೆ ಲೆಕ್ಕ ಹಾಕಿದಳು? ಪಕ್ಕದ ಮನೆಯ ಅದೇ ವಯಸ್ಸಿನ ಹುಡುಗನನ್ನು ಕರೆದು ನಿಲ್ಲಿಸಿಕೊಂಡಳೋ ಏನೋ. ಒಂದು ದಿನದ ಹರಕೆಯನ್ನು ಲೋಕ ನೆನೆಯುತ್ತದೆ. ಆ ವರ್ಷವಿಡೀ ಮನಸ್ಸಿನಲ್ಲೇ ಹಿಡಿದ ಅಳತೆ ಯಾರ ಕಣ್ಣಿಗೂ ಬೀಳುವುದಿಲ್ಲ.

“ನನ್ನ ಅಮ್ಮನೂ ಹಾಗೇ ಅಳತೆ ಹಿಡಿದವಳು. ಎರಡನೇ ಕ್ಲಾಸಿನಲ್ಲಿ ಮೂರು ಟಕ್ಕಿನ ನೀಲಿ ಲಂಗ ಹೊಲಿದಳು. ಬಟ್ಟೆಗೆ ದುಡ್ಡು ಬಂದದ್ದು ರಾತ್ರಿ ಹತ್ತರ ಮೇಲೆ ಬೇರೆಯವರ ರವಿಕೆ ಹೊಲಿದು. ಒಂದು ರವಿಕೆಗೆ ನಾಲ್ಕು ರೂಪಾಯಿ. 1989ರ ಜೂನ್, ನಾನು ನಾಲ್ಕನೇ ಕ್ಲಾಸು. ಎರಡನೇ ಟಕ್ಕು ಬಿಚ್ಚಿದಳು. ಲಂಗವೆಲ್ಲ ಬಿಸಿಲಿಗೆ ಬಿಳಚಿಕೊಂಡಿತ್ತು. ಮಡಿಕೆಯೊಳಗಿದ್ದ ಭಾಗ ಮಾತ್ರ ಕಡುನೀಲಿ. ನನ್ನ ಲಂಗಕ್ಕೆ ಒಂದು ಪಟ್ಟೆ ಬಿತ್ತು. ಸ್ಕೂಲಿನಲ್ಲಿ ಹುಡುಗಿಯರು ನಕ್ಕರು. ಶುಕ್ರವಾರ ಸಂಜೆ ಮನೆಗೆ ಬಂದವಳೇ ಲಂಗ ಬಿಚ್ಚಿ ಎಸೆದು, ‘ನೀನು ಎಲ್ಲರ ಅಮ್ಮಂದಿರ ಹಾಗೆ ಯಾಕಿಲ್ಲ?’ ಅಂತ ಕೂಗಾಡಿದೆ. ಅಮ್ಮ ಏನೂ ಅನ್ನಲಿಲ್ಲ.

“ಸೋಮವಾರ ಬೆಳಗ್ಗೆ ನೋಡಿದರೆ ಲಂಗ ಪೂರ್ತಿ ಕಡುನೀಲಿ, ಹೊಸದರ ಹಾಗೆ! ನಾನು ಕುಣಿದುಕೊಂಡು ಸ್ಕೂಲಿಗೆ ಹೋದೆ. ಹೇಗಾಯಿತು ಅಂತ ಕೇಳಲೂ ಇಲ್ಲ. ಮೊನ್ನೆ ಕೇಳಿದೆ. ಶನಿವಾರ ರಾತ್ರಿ ನಾವೆಲ್ಲ ಮಲಗಿದ ಮೇಲೆ ಹಂಡೆಯಲ್ಲಿ ನೀರು ಕಾಯಿಸಿ, ಬಣ್ಣದ ಪುಡಿಯೂ ಒಂದು ಹಿಡಿ ಉಪ್ಪೂ ಹಾಕಿ, ಲಂಗ ಮುಳುಗಿಸಿ ಕೋಲಿನಲ್ಲಿ ತಿರುವಿ, ಮೂರು ನೀರಿನಲ್ಲಿ ಜಾಲಿಸಿ ಹಿಂಡಿದಳಂತೆ. ಬರೀ ಹತ್ತಿ ಬಟ್ಟೆಯಾದ್ದರಿಂದ ಬಣ್ಣ ಹಿಡಿಯಿತು.

“ಬಟ್ಟೆಗೆ ಹಿಡಿದ ಬಣ್ಣ ಕೈಗೂ ಹಿಡಿಯಿತು. ಮೊಣಕೈ ತನಕ ನೀಲಿ. ಸೀಗೆಕಾಯಿ, ಹುಣಸೆಹಣ್ಣು, ಬೂದಿ ಏನು ಹಾಕಿ ತಿಕ್ಕಿದರೂ ಹೋಗಲಿಲ್ಲ. ಮರುದಿನ ಭಾನುವಾರ, ಕರ್ತನ ಭೋಜನದ ಭಾನುವಾರ. ಅಮ್ಮ ಕೊನೆಯ ಬೆಂಚಿನಲ್ಲಿ ಸೆರಗಿನೊಳಗೆ ಕೈ ಮುಚ್ಚಿಕೊಂಡು ಕೂತಿದ್ದಳು. ಎಲ್ಲರೂ ಮುಂದೆ ಹೋಗಿ ಮೊಣಕಾಲೂರಿ ಅಂಗೈ ಚಾಚಿದರು. ಅಮ್ಮ ಹೋಗಲಿಲ್ಲ. ನನಗೆ ಅದು ಚೆನ್ನಾಗಿ ನೆನಪಿದೆ. ಯಾರ ಮೇಲೋ ಕೋಪ ಇರಬೇಕು, ಅದಕ್ಕೇ ಹೋಗಲಿಲ್ಲ ಅಂತ ಅಂದುಕೊಂಡಿದ್ದೆ. ಅಯ್ಯನವರ ಮುಂದೆ ಚಾಚಲು ನಾಚಿಕೆಯಾದ ಆ ಕೈ ನನ್ನ ನಾಚಿಕೆ ತೆಗೆದ ಕೈ ಅಂತ ನನಗೆ ತಿಳಿದದ್ದು ಹೋದ ತಿಂಗಳು.

“ಅಮ್ಮಾ, ಆ ಶುಕ್ರವಾರ ಆಡಿದ ಮಾತಿಗೆ ಇವತ್ತು ಎಲ್ಲರ ಮುಂದೆ ಕ್ಷಮೆ ಕೇಳುತ್ತೇನೆ.”

ಅಷ್ಟೇ ಹೇಳಿ ಕೂತೆ. ಮುಗಿಸುವುದಕ್ಕೆ ಇನ್ನೊಂದು ಪ್ಯಾರಾ ಬರೆದಿದ್ದೆ. ಈ ಕಾಲದ ಹೆಣ್ಣುಮಕ್ಕಳಿಗೆ ಇಂಥ ತಾಳ್ಮೆ ಎಲ್ಲಿದೆ ಅಂತ. ಹಿಂದಿನ ರಾತ್ರಿ ಅದಕ್ಕೂ ಗೀಟು ಹಾಕಿದ್ದು ಒಳ್ಳೆಯದಾಯಿತು. ಮೂರನೇ ಸಾಲಿನಲ್ಲಿ ಆರು ತಿಂಗಳ ಕೂಸು ಹೊತ್ತು, ನಿದ್ದೆಗೆಟ್ಟ ಕಣ್ಣಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಅವಳ ಕೈಗೆ ಯಾವ ಬಣ್ಣ ಹತ್ತಿದೆಯೋ ನನಗೇನು ಗೊತ್ತು?

ಆಮೇಲೆ

ಮಕ್ಕಳು ಹೂ ಹಿಡಿದು ಹೊರಟರು. ಭಾನುವಾರದ ಶಾಲೆಯ ಐದು ಮಕ್ಕಳು ನೇರ ನನ್ನ ದೊಡ್ಡಮ್ಮನ ಹತ್ತಿರ ಹೋದವು. ಅವಳಿಗೆ ಆ ಬಾರಿ ತಲೆನೋವು ಬಂದಿರಲಿಲ್ಲ. ನಾನೇ ಒತ್ತಾಯ ಮಾಡಿ ಕರೆತಂದಿದ್ದೆ. ಒಬ್ಬ ಹುಡುಗ ತನ್ನ ಅಪ್ಪನಿಗೆ ಹೂ ಕೊಟ್ಟ. ಅವನ ತಾಯಿ ಹೋಗಿ ಎರಡು ವರ್ಷವಾಗಿದೆ. ಆ ಮನುಷ್ಯ ಹೂ ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿ ನಿಂತರು.

ನೀವೂ ಎಂದಾದರೂ ಇಂಥ ಮಾತಾಡಬೇಕಾಗಿ ಬಂದರೆ, ಅಮ್ಮ ಇರುವವರು ಇವತ್ತೇ ಹೋಗಿ ಒಂದು ವಸ್ತುವಿನ ಬಗ್ಗೆ ಕೇಳಿ. ಹಳೆಯ ಲಂಗ, ಅಡ ಇಟ್ಟ ಬಳೆ, ಬಿರುಕು ಬಿಟ್ಟ ದೋಸೆಕಲ್ಲು, ಏನಾದರೂ ಸರಿ. ಅಮ್ಮ ಇಲ್ಲದವರು ದೊಡ್ಡಮ್ಮ, ಚಿಕ್ಕಮ್ಮಂದಿರನ್ನು ಕೇಳಿ. ಕೈ ಏನು ಮಾಡಿತು ಅಂತ ಕೇಳಿ, ಮನಸ್ಸಿನ ವಿಷಯ ತಾನಾಗಿ ಬರುತ್ತದೆ.

ನಮ್ಮಮ್ಮ ಅಂದು ಅತ್ತಳೇ ಅಂತ ಕೇಳುವಿರಾ? ಇಲ್ಲಪ್ಪ. ಚರ್ಚಿನ ಮೆಟ್ಟಿಲು ಇಳಿಯುವಾಗ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಅಂದಳು: “ಎಲ್ಲಾ ಸರಿಯಾಗಿ ಹೇಳಿದೆ. ಆದರೆ ರವಿಕೆಗೆ ನಾಲ್ಕು ರೂಪಾಯಿ ಅಲ್ಲ ಕಣೇ, ಮೂರೇ.”